‘ಸಂಬಳ ಸಾಲದು’ ಅಂತ ಬರೆದವರು ನಿಜಕ್ಕೂ ಯಾಕೆ ಹೋದರು?

*ಹಾಸನ, ಅರಸೀಕೆರೆ, ಚಿಕ್ಕಮಗಳೂರು ಸೇರಿ ನಮ್ಮವು ಐದು ಬಟ್ಟೆ ಅಂಗಡಿಗಳು. ಕಳೆದ ವರ್ಷ 34 ಜನ ಕೆಲಸ ಬಿಟ್ಟರು. ಎಕ್ಸಿಟ್ ಇಂಟರ್‌ವ್ಯೂ ಫಾರಂನಲ್ಲಿ 21 ಜನ ‘ಸಂಬಳ ಸಾಲದು’ ಅಂತ ಬರೆದಿದ್ದಾರೆ. ಮಾಲೀಕರು ಎಲ್ಲರಿಗೂ ಸಾವಿರ ರೂಪಾಯಿ ಏರಿಸಿದರು, ಆದರೂ ಬಿಡುವವರು ಬಿಡುತ್ತಲೇ ಇದ್ದಾರೆ. ಮನೋವಿಜ್ಞಾನಿ ಹರ್ಜ್‌ಬರ್ಗ್ ಹೇಳಿದ ಹಾಗೆ ಈ ಫಾರಂಗಳನ್ನು ವಿಂಗಡಿಸಿದರೆ ಏನಾದರೂ ಗೊತ್ತಾಗುತ್ತಾ?*
*– ಸಿಬ್ಬಂದಿ ವಿಭಾಗದ ಓದುಗರು, ಹಾಸನ*

ವಿಂಗಡಿಸಬಹುದು ಸರ್, ಆದರೆ ಈಗಿರುವ ಫಾರಂನಿಂದ ಜಾಸ್ತಿ ಏನೂ ಸಿಗಲ್ಲ. ನಿಮ್ಮ ಫಾರಂ ಕೇಳುತ್ತಿರುವುದು ಅರ್ಧ ಪ್ರಶ್ನೆ.

ಹರ್ಜ್‌ಬರ್ಗ್ ಮತ್ತು ಜೊತೆಯವರು ಅಮೆರಿಕದ ಪಿಟ್ಸ್‌ಬರ್ಗ್ ಕಡೆ ಸುಮಾರು 200 ಇಂಜಿನಿಯರ್‌ಗಳು ಮತ್ತು ಅಕೌಂಟೆಂಟ್‌ಗಳನ್ನು ಮಾತಾಡಿಸಿದ್ದರು, ಅದರ ಮೇಲೆ ಬರೆದ ಪುಸ್ತಕ ಬಂದದ್ದು 1959ರಲ್ಲಿ. ಅವರು ಕಾರಣ ಕೇಳಲಿಲ್ಲ, ಕಥೆ ಕೇಳಿದರು. ಕೆಲಸ ತುಂಬಾ ಖುಷಿ ಕೊಟ್ಟ ಒಂದು ಸಂದರ್ಭ ಹೇಳಿ, ತುಂಬಾ ಬೇಜಾರಾದ ಒಂದು ಸಂದರ್ಭ ಹೇಳಿ, ಇಷ್ಟೇ. ಬೇಜಾರಿನ ಕಥೆಗಳಲ್ಲಿ ಹೆಚ್ಚಾಗಿ ಕಂಪನಿಯ ನಿಯಮ, ಮೇಲಿನವರ ವರ್ತನೆ, ಸಂಬಳ, ಕೆಲಸದ ಜಾಗ ಬಂದವು. ಇವಕ್ಕೆ ಹೈಜೀನ್ ಅಂಶ ಅಂತ ಹೆಸರಿಟ್ಟರು. ಖುಷಿಯ ಕಥೆಗಳಲ್ಲಿ ಬಂದದ್ದು ಬೇರೆಯೇ: ಸಾಧಿಸಿದ ತೃಪ್ತಿ, ನಾಲ್ಕು ಜನ ಗುರುತಿಸಿದ್ದು, ಜವಾಬ್ದಾರಿ, ಬಡ್ತಿ. ಇವು ಮೋಟಿವೇಟರ್‌ಗಳು. ಚರಂಡಿ ಕ್ಲೀನ್ ಮಾಡಿಸಿದರೆ ಜ್ವರ ಬರಲ್ಲ, ಹಾಗಂತ ಮೈಗೆ ಕಸುವೂ ಬರಲ್ಲ, ಅಲ್ವಾ? ಹೈಜೀನ್ ಅನ್ನುವ ಮಾತಿನ ಅರ್ಥ ಅದೇ.

ಈಗ ನಿಮ್ಮ ಫಾರಂ ನೋಡಿ. ‘ಯಾಕೆ ಬಿಡುತ್ತಿದ್ದೀರಿ?’ ಅಂದರೆ ಬೇಜಾರಿನ ಕಡೆ ಮಾತ್ರ ಬಾಗಿಲು ತೆಗೆದ ಹಾಗೆ. ಅದೂ ಸೆಟ್ಲ್‌ಮೆಂಟ್ ಆಗುವ ಮೊದಲು, ಅನುಭವ ಪತ್ರ ಕೈಗೆ ಸಿಗುವ ಮೊದಲು. ಫ್ಲೋರ್ ಇನ್‌ಚಾರ್ಜ್ ಸರಿಯಿಲ್ಲ ಅಂತ ಆಗ ಬರೆಯುವ ಧೈರ್ಯ ಯಾರಿಗಿರುತ್ತೆ? ಸಂಬಳ ಅಂತ ಬರೆದರೆ ಯಾರಿಗೂ ನೋವಾಗಲ್ಲ.

ಪತ್ರಿಕೆಗೆ ಬರುವ ಮೊದಲು ನಾನೂ ಇಂಥದೇ ಒಂದು ಅಂಗಡಿಯ ಸಿಬ್ಬಂದಿ ವಿಭಾಗದಲ್ಲಿದ್ದೆ. ಬಿಲ್ಲಿಂಗ್ ಕೌಂಟರ್‌ನಲ್ಲಿ ಎರಡು ವರ್ಷ ಇದ್ದ, ಆಲೂರು ಕಡೆಯ ಹುಡುಗಿಯೊಬ್ಬಳು ಫಾರಂನಲ್ಲಿ ‘ಸಂಬಳ’ ಅಂತ ಬರೆದು ಹೋಗಿದ್ದಳು. ಎರಡು ತಿಂಗಳ ಮೇಲೆ ಫೋನ್ ಮಾಡಿ ಎರಡೂ ಕಥೆ ಕೇಳಿದೆ. ಬೇಜಾರಿನದು: ಒಂದು ರಾತ್ರಿ ಕ್ಯಾಶ್‌ನಲ್ಲಿ 340 ರೂಪಾಯಿ ಕಮ್ಮಿ ಬಂತು, ಬಿಲ್ ತಾಳೆ ನೋಡದೆ, ಕ್ಯಾಮೆರಾನೂ ತೋರಿಸದೆ ಅವಳ ಸಂಬಳದಲ್ಲಿ ಹಿಡಿದರು. ಖುಷಿಯದು: ಹಾಸನಾಂಬೆ ದರ್ಶನದ ಸಮಯದಲ್ಲಿ ಊರೆಲ್ಲ ಜನ, ಇನ್ನೊಬ್ಬ ಕ್ಯಾಶಿಯರ್ ರಜೆ, ಇಡೀ ದಿನ ಒಬ್ಬಳೇ ಕೌಂಟರ್ ನಿಭಾಯಿಸಿದಳು, ರಾತ್ರಿ ಲೆಕ್ಕ ಒಂದು ರೂಪಾಯಿಯೂ ಆಚೀಚೆ ಆಗಲಿಲ್ಲ. ‘ಆಮೇಲೆ?’ ಅಂದೆ. ‘ಆಮೇಲೇನಿಲ್ಲ ಸರ್, ಇನ್‌ಚಾರ್ಜ್ ಕೆಲಸಕ್ಕೆ ಹೊರಗಿನವರನ್ನ ತಂದರು.’

ಇದನ್ನು ‘ಸಂಬಳ’ದ ಕಾಲಂಗೆ ಹಾಕಿದರೆ ತಪ್ಪು. ಮೊದಲ ಕಥೆ ನಿಯಮ ಮತ್ತು ಮೇಲ್ವಿಚಾರಣೆಗೆ ಸೇರಬೇಕು. ಎರಡನೆಯದು ಸಾಧನೆಗೆ. ಅವಳು ಬಿಟ್ಟದ್ದು ಅದರ ಹಿಂದೆ ಬರಬೇಕಿದ್ದ ಬಡ್ತಿ ಬರದೆ ಹೋದದ್ದಕ್ಕೆ. ಸಾವಿರ ರೂಪಾಯಿ ಏರಿಸಿದ್ದರೆ ಎರಡೂ ಸರಿಹೋಗುತ್ತಿರಲಿಲ್ಲ.

ಹಾಗಾಗಿ ಎಣಿಸುವಾಗ ಜನರನ್ನಲ್ಲ, ಘಟನೆಗಳನ್ನು ಎಣಿಸಿ. ಇಬ್ಬರು ಬೇರೆ ಬೇರೆ ಕೂತು ವಿಂಗಡಿಸಲಿ, ಎಲ್ಲಿ ಹೊಂದಲಿಲ್ಲವೋ ಆ ಕಥೆಯನ್ನು ಒಟ್ಟಿಗೆ ಓದಲಿ. ಮೂರು ತಿಂಗಳೊಳಗೆ ಬಿಟ್ಟವರನ್ನೂ ವರ್ಷ ದಾಟಿದವರನ್ನೂ ಬೆರೆಸಬೇಡಿ. ನಾನು ಕಂಡ ಹಾಗೆ ಬೇಗ ಬಿಟ್ಟವರ ಕಥೆಯಲ್ಲಿ ದಿನವಿಡೀ ನಿಂತ ಕಾಲುನೋವು, ತಪ್ಪಿದ ಕೊನೇ ಬಸ್ಸು ಇರುತ್ತದೆ. (ಕೂರಲು ಸ್ಟೂಲ್ ಕೊಡಿ ಅನ್ನುವುದಕ್ಕೆ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನನ್ನೇ ತಿದ್ದಬೇಕಾಯಿತು!) ಹಳಬರ ಕಥೆಯಲ್ಲಿ ಬಡ್ತಿ, ಮರ್ಯಾದೆ ಬರುತ್ತದೆ. ಎರಡಕ್ಕೂ ಮದ್ದು ಬೇರೆ.

ಒಂದು ತೊಡಕು ಇದೆ, ಹರ್ಜ್‌ಬರ್ಗ್ ವಿಧಾನಕ್ಕೆ ಅವರ ಕಾಲದಲ್ಲೇ ಬಂದ ಟೀಕೆ ಇದು. ಒಳ್ಳೆಯದಾದರೆ ನನ್ನಿಂದ, ಕೆಟ್ಟದ್ದಾದರೆ ಕಂಪನಿಯಿಂದ ಅನ್ನುವುದು ಮನುಷ್ಯರ ಗುಣ. ಕಥೆ ಕೇಳಿದರೆ ಎರಡು ಗುಂಪು ತಾನಾಗೇ ಬೇರೆಯಾಗುತ್ತವೆ, ಸಿದ್ಧಾಂತ ನಿಜವಾಗಿರಲಿ ಬಿಡಲಿ. ಅದಕ್ಕೇ ಇರುವವರನ್ನೂ ಕೇಳಬೇಕು. ಅದೇ ಅಂಗಡಿ, ಅದೇ ಸಂಬಳ, ಅಷ್ಟೇ ವರ್ಷ ಆದವರಿಗೆ ಅದೇ ಎರಡು ಪ್ರಶ್ನೆ. ಅವರೂ ಸಂಬಳ ಕಮ್ಮಿ ಅಂತ ಅಷ್ಟೇ ಗೊಣಗಿದರೆ, ಜನ ಹೋಗುತ್ತಿರುವುದು ಬರೀ ಸಂಬಳಕ್ಕಲ್ಲ. ಬಿಟ್ಟವರಲ್ಲಿ ಮಾತ್ರ ಪದೇ ಪದೇ ಬರುವ ಮಾತು ಯಾವುದು ಅಂತ ಹುಡುಕಿ.

34ರಲ್ಲಿ ಎಷ್ಟು ಜನ ಫೋನ್ ಎತ್ತುತ್ತಾರೋ ಅಷ್ಟು ಜನ ಸಾಕು. ಫೋನ್ ಮಾಡುವುದು ಮಾತ್ರ ಅವರ ಇನ್‌ಚಾರ್ಜ್ ಆಗಿರಬಾರದು, ಮೊದಲು ‘ನಿಮ್ಮ ಸೆಟ್ಲ್‌ಮೆಂಟ್ ಪೂರ್ತಿ ಬಂತಾ?’ ಅಂತ ಕೇಳಿ. ಬಂದಿಲ್ಲ ಅಂದರೆ ಅದನ್ನು ಕೊಡಿಸಿ, ಆಮೇಲೆ ಕಥೆ ಕೇಳಿ.