22 ತಿಂಗಳಿಗೆ 15 ಶಬ್ದ: ಮರಾಠಿ ಬಿಡಿಸಬೇಕೇ?

ಪ್ರಶ್ನೆ: ಮಗನಿಗೆ 22 ತಿಂಗಳು. ನಾವು ಕನ್ನಡ ಮಾತಾಡ್ತೀವಿ, ನನ್ನ ತವರಿನವರು ಮರಾಠಿ. ಅವನು ಸ್ಪಷ್ಟವಾಗಿ ಆಡೋದು 15 ಶಬ್ದ ಅಷ್ಟೇ. ಎರಡು ಭಾಷೆಯಿಂದ ಗೊಂದಲ ಆಗೇತಿ, ಮರಾಠಿ ಬಿಡಿಸ್ರಿ ಅಂತ ಕೆಲವರು ಹೇಳ್ತಾರ. ಅತ್ತಿಯವರು, ‘ಅವರಪ್ಪಾನೂ ತಡಾ ಮಾಡೇ ಮಾತಾಡಿದ್ದ, ಸುಮ್ನಿರು’ ಅಂತಾರ. ಏನು ಮಾಡಬೇಕು?
– ಓದುಗರೊಬ್ಬರು, ಟಿಳಕವಾಡಿ, ಬೆಳಗಾವಿ

ಉತ್ತರ: ಮರಾಠಿ ಬಿಡಿಸಬೇಡಿ. ಎರಡು ಭಾಷೆ ಕೇಳಿ ಬೆಳೆಯುವ ಮಗುವೂ ಬೇರೆ ಮಕ್ಕಳ ಹಾಗೆಯೇ 6ರಿಂದ 10 ತಿಂಗಳೊಳಗೆ ‘ಬಬಬ’, ‘ದದದ’ ಎಂದು ತೊದಲುತ್ತದೆ, ವರ್ಷದ ಆಸುಪಾಸಿನಲ್ಲಿ ಮೊದಲ ಶಬ್ದ ಆಡುತ್ತದೆ. ‘ಆಜಿ, ನೀರ ದೇ’ ಎಂದು ಎರಡನ್ನೂ ಬೆರೆಸಿದರೆ ಅದು ಗೊಂದಲವಲ್ಲ. ಬಾಯಿಗೆ ಮೊದಲು ಬಂದ ಶಬ್ದ ಬಳಸುತ್ತಾನೆ, ಅಷ್ಟೇ.

ಮೊದಲು ಎಣಿಕೆ ಸರಿಮಾಡಿಕೊಳ್ಳಿ. ‘ಸ್ಪಷ್ಟವಾಗಿ’ ಎಂದು ಬರೆದಿದ್ದೀರಲ್ಲ, ತಪ್ಪುವುದು ಅಲ್ಲೇ. ಈ ವಯಸ್ಸಿನಲ್ಲಿ ಉಚ್ಚಾರ ಲೆಕ್ಕಕ್ಕಿಲ್ಲ. ಯಾರೂ ಹೇಳಿಕೊಡದೆ, ಒಂದೇ ವಸ್ತುವಿಗೆ ಪ್ರತಿಸಲವೂ ಒಂದೇ ಸದ್ದು ಮಾಡಿದರೆ ಅದು ಶಬ್ದವೇ. ನೀರಿಗೆ ‘ಈಯಿ’ ಅಂದರೂ ಸರಿ, ನಾಯಿಗೆ ‘ಭೌಭೌ’, ಆಕಳಿಗೆ ‘ಅಂಬಾ’ ಅಂದರೂ ಸರಿ. ನೀವು ಅಂದದ್ದನ್ನು ಆಗಲೇ ತಿರುಗಿ ಅಂದರೆ ಅದನ್ನು ಬಿಡಿ. ಎರಡೂ ಭಾಷೆಯದು ಕೂಡಿಸಿ: ‘ನೀರು’ ಒಂದು, ‘ಪಾಣಿ’ ಇನ್ನೊಂದು. ಅಡುಗೆಮನೆಯ ಗೋಡೆಗೆ ಒಂದು ಹಾಳೆ ಅಂಟಿಸಿ, ಒಂದು ವಾರ ಕೇಳಿದ್ದನ್ನೆಲ್ಲ ಬರೆಯಿರಿ. ಆಜಿ ಮನೆಯಲ್ಲೂ ಒಂದು ಹಾಳೆ ಇರಲಿ, ಅಲ್ಲಿ ಆಡುವ ಶಬ್ದ ನಿಮಗೆ ಕೇಳಿಸುವುದಿಲ್ಲ. ನಿಮ್ಮ 15, ವಾರದ ಕೊನೆಗೆ 30 ದಾಟಿದರೆ ಆಶ್ಚರ್ಯವಿಲ್ಲ.

ಎರಡು ವರ್ಷ ತುಂಬುವಾಗ ಎರಡು ಗುರುತು ನೋಡುತ್ತೇವೆ. ಒಟ್ಟು 50ರ ಹತ್ತಿರ ಶಬ್ದ ಇರಬೇಕು, ಎರಡೆರಡು ಶಬ್ದ ತಾನೇ ಜೋಡಿಸುತ್ತಿರಬೇಕು. ‘ಅಪ್ಪಾ ಬಾ’, ‘ಹಾಲ ಬ್ಯಾಡ’ ಇಂಥವು. ‘ಟಾಟಾ ಬಾಯ್‌ಬಾಯ್’ ಜೋಡಿಯಲ್ಲ, ಅದು ಇಡಿಯಾಗಿ ಕಲಿತ ಒಂದೇ ತುಂಡು. ‘ಬಾ’ ಎನ್ನುವುದನ್ನು ಅಪ್ಪನ ಜೊತೆಗೂ ಅವ್ವನ ಜೊತೆಗೂ ಹಚ್ಚಿದರೆ ಅದು ನಿಜವಾದ ಜೋಡಣೆ.

ಆಡುವುದಕ್ಕಿಂತ ತಿಳಿಯುವುದು ಮುಂದಿರುತ್ತದೆ, ಹಾಗಾಗಿ ಅದನ್ನೂ ಪರೀಕ್ಷಿಸಿ. ಕೈ ತೋರಿಸದೆ, ಕಣ್ಣೂ ಆ ಕಡೆ ಹೊರಳಿಸದೆ, ‘ಚಪ್ಪಲಿ ತಗೊಂಡ ಬಾ’ ಅನ್ನಿ. ತಂದರೆ ಒಳ್ಳೆಯ ಲಕ್ಷಣ. ಬೇಕಾದ್ದನ್ನು, ಮೆಚ್ಚಿದ್ದನ್ನು ಬೆರಳು ಮಾಡಿ ತೋರಿಸುತ್ತಾನೆಯೇ ನೋಡಿ. ತಿಳಿವಳಿಕೆ ಚೆನ್ನಾಗಿದ್ದು ಮಾತಷ್ಟೇ ತಡವಾದವರಲ್ಲಿ ಬಹಳ ಮಕ್ಕಳು ಮೂರು ವರ್ಷದ ಹೊತ್ತಿಗೆ ಓರಗೆಯ ಮಕ್ಕಳನ್ನು ಕೂಡಿಕೊಳ್ಳುತ್ತಾರೆ. ಯಾರು ಕೂಡಿಕೊಳ್ಳುತ್ತಾರೆ ಎಂದು ಮೊದಲೇ ಹೇಳಲಾಗದು ಎಂಬುದೇ ತೊಡಕು. ಅತ್ತೆಯವರ ಮಾತು ಸುಳ್ಳಲ್ಲ, ತಡಮಾತು ಮನೆತನದಲ್ಲಿ ಬರುತ್ತದೆ. ಆದರೆ ಅದೇ ಕಾರಣಕ್ಕೆ ಇನ್ನೂ ಗಮನ ಬೇಕು, ಸುಮ್ಮನಿರಲಿಕ್ಕಲ್ಲ.

ಕಿವಿಯ ಮಾತು ಬೇರೆಯೇ. ತಾಟು ಬಿದ್ದರೆ ಬೆಚ್ಚುತ್ತಾನೆ, ಹಾಗಾಗಿ ಕೇಳಿಸುತ್ತದೆ ಎಂದುಕೊಳ್ಳಬೇಡಿ. ದೊಡ್ಡ ಸದ್ದು ಕೇಳಿಯೂ ‘ಸ’, ‘ಶ’ದಂಥ ಸಣ್ಣ ಸದ್ದು ತಪ್ಪಬಹುದು. ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿಯ ಒಳಗೆ ನೀರು ನಿಂತು, ಒಂದು ದಿನ ಚೆನ್ನಾಗಿ, ಇನ್ನೊಂದು ದಿನ ಮಂದವಾಗಿ ಕೇಳಿಸಬಹುದು. ಎಣಿಕೆ ಕಡಿಮೆ ಬಂದರೆ ಮೊದಲು ಶ್ರವಣ ಪರೀಕ್ಷೆ ಆಗಲಿ. ನೋವಿಲ್ಲ: ಓಎಇ ಎಂಬ ಪರೀಕ್ಷೆಯಲ್ಲಿ ಕಿವಿಗೆ ಮೆತ್ತನೆ ತುದಿಯ ಸಾಧನವಿಟ್ಟು ಕೆಲವೇ ನಿಮಿಷದಲ್ಲಿ ನೋಡುತ್ತಾರೆ. ಇಎನ್‌ಟಿ ವೈದ್ಯರಲ್ಲಿ ವಿಚಾರಿಸಿ. ಜಿಲ್ಲಾಸ್ಪತ್ರೆಯಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆ ನೋಡುವ ಡಿಇಐಸಿ ವಿಭಾಗ ಇದ್ದರೆ ಅಲ್ಲೂ ಕೇಳಬಹುದು.

ಮನೆಯಲ್ಲಿ ‘ಅನ್ನು, ಅನ್ನು’ ಎಂದು ಒತ್ತಾಯಿಸಬೇಡಿ, ‘ನೀರು ಅಂದರೇ ಕೊಡತೀನಿ’ ಎಂದು ತಡೆಯಲೂಬೇಡಿ. ಅವನು ‘ಈಯಿ’ ಅಂದಾಗ, ‘ನೀರ ಬೇಕು’ ಎಂದು ಒಂದೇ ಶಬ್ದ ಕೂಡಿಸಿ ಕೊಟ್ಟುಬಿಡಿ.

ಮುಂದೆ ಎರಡೂವರೆ–ಮೂರು ವರ್ಷದೊಳಗೆ ‘ಅವ್ವಗ’, ‘ಮನ್ಯಾಗ’ ಎಂದು ಶಬ್ದಕ್ಕೆ ಪ್ರತ್ಯಯಗಳು ಸೇರುತ್ತವೆ. ಆಗ ‘ಉಂಡ್ಯಾ?’ ಎಂದರೆ ‘ಉಂಡ್ಯಾ’ ಎಂದೇ ಉತ್ತರ ಬರಬಹುದು, ‘ಉಂಡೆ’ ಅಲ್ಲ. ‘ನೋಡಿದ’ದ ಅಚ್ಚಿನಲ್ಲೇ ‘ಕೊಟ್ಟ’ಕ್ಕೆ ‘ಕೊಡಿದ’ ಎಂದೂ ಅನ್ನಬಹುದು. ನಗಬೇಡಿ, ‘ಕೊಡಿದ’ ಅಂದರೆ ನಿಯಮ ತಲೆಗೆ ಹತ್ತಿದೆ ಎಂದೇ ಅರ್ಥ.

24 ತಿಂಗಳಿಗೆ ಎರಡೂ ಭಾಷೆ ಸೇರಿ 50ಕ್ಕೆ ಬಹಳ ಕಡಿಮೆಯಿದ್ದರೆ ಅಥವಾ ಜೋಡಣೆ ಶುರುವಾಗದಿದ್ದರೆ ವಾಕ್ ತಜ್ಞರನ್ನು ಕಾಣಿ. ಮಾತು ತಿಳಿಯದಿದ್ದರೆ, ಬೆರಳು ಮಾಡಿ ತೋರಿಸದಿದ್ದರೆ, ಅಥವಾ ಆಡುತ್ತಿದ್ದ ಶಬ್ದಗಳು ಬಿಟ್ಟುಹೋದರೆ ಆ ಎರಡು ತಿಂಗಳೂ ಕಾಯಬೇಡಿ, ಈ ವಾರವೇ ಹೋಗಿ.