ರಕ್ತ ಬರುವ ಹಿಮ್ಮಡಕ್ಕೆ ಜೆಲ್ಲಿ, ಯೂರಿಯಾ, ಫೈಲ್: ಯಾವುದು ಯಾವಾಗ?

ಪ್ರಶ್ನೆ: ನಮ್ಮ ಅವ್ವಗ 56 ವಯಸ್ಸು, ಗದಗದಾಗ ಇರ್ತಾಳ. ಎರಡೂ ಹಿಮ್ಮಡ ಒಡದಾವ, ಎಡಗಾಲಿಂದು ನಡದ್ರ ರಕ್ತ ಬರ್ತೈತಿ. ಶುಗರ್ ಇಲ್ಲ. ಮನ್ಯಾಗ ಪೆಟ್ರೋಲಿಯಂ ಜೆಲ್ಲಿ, ಕಾಲು ತಿಕ್ಕೋ ಫೈಲ್ ಎರಡೂ ಅದಾವ. ಮೆಡಿಕಲ್ ಅಂಗಡ್ಯಾಂವ ಯೂರಿಯಾ ಕ್ರೀಮ್ ತಗೋರಿ ಅಂತಾನ. ಮೂರರಾಗ ಯಾವುದು ಛಲೋ?

ಉತ್ತರ:

ಮೂರೂ ಬೇಕು, ಆದರೆ ಒಂದೇ ದಿನ ಅಲ್ಲ. ರಕ್ತ ಬರುವಷ್ಟು ದಿನ ಬರೀ ಜೆಲ್ಲಿ. ಒಡಕಿನ ಬಾಯಿ ಕೂಡಿದ ಮೇಲೆ ಯೂರಿಯಾ. ಫೈಲ್ ಕಟ್ಟಕಡೆಗೆ. ಹೆಚ್ಚಿನ ಮನೆಗಳಲ್ಲಿ ಇದು ಉಲ್ಟಾ ನಡೆಯುತ್ತದೆ: ಮೊದಲ ದಿನವೇ ಜೋರಾಗಿ ತಿಕ್ಕಿ, ಉರಿ ಹತ್ತಿದ ಮೇಲೆ ಎಣ್ಣೆಯನ್ನೋ ಜೆಲ್ಲಿಯನ್ನೋ ಹಚ್ಚುತ್ತಾರೆ. ಎಂಟು ದಿನ ನುಣುಪಾಗಿರುತ್ತದೆ, ಆಮೇಲೆ ಮೊದಲಿಗಿಂತ ದಪ್ಪ ಬೆಳೆದು ಮತ್ತೆ ಸೀಳುತ್ತದೆ.

ಹಿಮ್ಮಡ ಯಾಕೆ ಸೀಳುತ್ತದೆ ಅನ್ನುವುದು ಗೊತ್ತಾದರೆ ಈ ಕ್ರಮ ತಾನಾಗಿಯೇ ತಿಳಿಯುತ್ತದೆ. ಅಂಗಾಲಿನ ಚರ್ಮದಲ್ಲಿ ಎಣ್ಣೆ ಒಸರುವ ಗ್ರಂಥಿಗಳೇ ಇಲ್ಲ. ಹಿಮ್ಮಡದ ಒಳಗೆ ಕೊಬ್ಬಿನ ಮೆತ್ತೆ ಇದೆ; ಮೈಭಾರ ಬಿದ್ದಾಗ ಅದು ಸುತ್ತಲೂ ಹರಡಿ ಅಂಚನ್ನು ಹೊರಕ್ಕೆ ದೂಡುತ್ತದೆ. ಅಂಚಿನ ಚರ್ಮ ಮೆತ್ತಗಿದ್ದರೆ ಹಿಗ್ಗುತ್ತದೆ. ಒಣಗಿ ಹಳದಿಗಟ್ಟಿ ಜಡ್ಡಾಗಿದ್ದರೆ ಹಿಗ್ಗಲಾರದೆ ನೆಟ್ಟಗೆ ಸೀಳುತ್ತದೆ. ಹಿಂಬದಿ ತೆರೆದ ಚಪ್ಪಲಿ, ಶಹಾಬಾದ್ ಕಲ್ಲಿನ ನೆಲದ ಮೇಲೆ ಬರಿಗಾಲು, ಚಳಿಗಾಲದ ಒಣಗಾಳಿ, ಈ ಮೂರೂ ಕೂಡಿದಾಗ ಒಡಕು ಒಳಚರ್ಮದವರೆಗೆ ಇಳಿದು ರಕ್ತ ಬರುತ್ತದೆ. ತಿಕ್ಕಿದಷ್ಟೂ ಚರ್ಮ ಇನ್ನಷ್ಟು ಜಡ್ಡುಗಟ್ಟುವುದು ಅದರ ಸ್ವಭಾವ, ಉಜ್ಜಾಟಕ್ಕೆ ಅದು ಕೊಡುವ ಉತ್ತರವೇ ಅದು.

ಮೊದಲ ವಾರ, ಜೆಲ್ಲಿ. ಪೆಟ್ರೋಲಿಯಂ ಜೆಲ್ಲಿಯಲ್ಲಿ ನೀರಿನ ಅಂಶ ಇಲ್ಲ. ಅದು ಚರ್ಮಕ್ಕೆ ತೇವ ಕೊಡುವುದಿಲ್ಲ, ಇದ್ದ ತೇವ ಆರಿಹೋಗದಂತೆ ಮುಚ್ಚುತ್ತದೆ ಅಷ್ಟೇ. ಹಂಗಾಗಿ ಒಣ ಹಿಮ್ಮಡಕ್ಕೆ ಹಚ್ಚಿದರೆ ಅರ್ಧ ಕೆಲಸ ವ್ಯರ್ಥ. ರಾತ್ರಿ ಮಲಗುವ ಮುಂಚೆ ಉಗುರುಬೆಚ್ಚಗಿನ ನೀರಿನಲ್ಲಿ 10 ನಿಮಿಷ ಕಾಲು ಇಡಲಿ. ಬಚ್ಚಲ ಒಲೆಯ ಕುದಿ ನೀರು ಬೇಡ, ಸೋಡಾ ಬೇಡ, ಬಟ್ಟೆ ಸೋಪಂತೂ ಬೇಡವೇ ಬೇಡ. ಟವೆಲ್‌ನಿಂದ ಒತ್ತಿ ಒರೆಸಿ, ಚರ್ಮ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಜೆಲ್ಲಿ ಹಚ್ಚಿ, ಒಡಕಿನ ಒಳಗೂ ತುಂಬಿ ಹತ್ತಿಯ ಕಾಲುಚೀಲ ಹಾಕಬೇಕು. ಬೆರಳ ಸಂದಿಗೆ ಹಚ್ಚಬಾರದು, ಅಲ್ಲಿ ಬೆವರು ನಿಂತು ಬೂಸು ಹಿಡಿಯುತ್ತದೆ. ಕಾಲುಚೀಲ ಇಲ್ಲದೆ ರಾತ್ರಿ ಎದ್ದರೆ ನುಣುಪು ನೆಲದ ಮೇಲೆ ಜಾರಿ ಬೀಳುವ ಭಯ ಇದೆ. 56ರ ವಯಸ್ಸಿಗೆ ಇದು ಸಣ್ಣ ಮಾತಲ್ಲ. ಹಗಲಲ್ಲೂ ಒಮ್ಮೆ ಹಚ್ಚಿ, ಮನೆಯೊಳಗೂ ಚಪ್ಪಲಿ ಹಾಕಿಕೊಂಡೇ ಓಡಾಡಲಿ. ರಕ್ತ ಬರುವ ಒಡಕಿನ ಎರಡೂ ದಡೆ ಹತ್ತಿರ ಬರುವಂತೆ ಅಡ್ಡಕ್ಕೆ ಬ್ಯಾಂಡೇಜ್ ಪಟ್ಟಿ ಎಳೆದು ಹಚ್ಚಿದರೆ ನಡೆಯುವಾಗ ಬಾಯಿ ತೆರೆಯುವುದು ಕಡಿಮೆಯಾಗುತ್ತದೆ.

ಹೊಲದ ಕೆಲಸ ಇದ್ದವರ ಒಡಕಿನಲ್ಲಿ ಕರಿ ಗೆರೆಗಳು ಕಾಣುತ್ತವೆ. ಎರಿಮಣ್ಣಿನ ಸಣ್ಣ ಕಣ ಸತ್ತ ಚರ್ಮದ ಒಳಗೆ ಕೂತಿರುತ್ತದೆ. ಪಿನ್ನಿನಿಂದ ಕೆದರಿ ಅದನ್ನು ತೆಗೆಯಲು ಹೋಗಬೇಡಿ. ಆ ಚರ್ಮ ಉದುರಿದಾಗ ಗೆರೆಯೂ ತಾನೇ ಹೋಗುತ್ತದೆ.

ಎರಡನೇ ವಾರದಿಂದ ಯೂರಿಯಾ. ಒತ್ತಿ ನಡೆದರೂ ರಕ್ತ ಬರದ ಮೇಲೆ ಶುರು ಮಾಡಿ. ಜೆಲ್ಲಿ ಮಾಡಲಾಗದ್ದನ್ನು ಇದು ಮಾಡುತ್ತದೆ: ತಾನೇ ನೀರು ಹಿಡಿದಿಡುತ್ತದೆ, ಜಡ್ಡನ್ನು ಕಟ್ಟಿರುವ ಬಂಧವನ್ನು ಸಡಿಲಿಸಿ ಮೆತ್ತಗಾಗಿಸುತ್ತದೆ. ಎಷ್ಟು ಶೇಕಡಾ ಅನ್ನುವುದರ ಮೇಲೆ ಕೆಲಸ ಬೇರೆಯಾಗುತ್ತದೆ. 10% ತೇವ ಕಾಯಲು. 20ರಿಂದ 25% ಹಿಮ್ಮಡದ ಜಡ್ಡಿಗೆ, ನಿಮ್ಮ ಅವ್ವನಿಗೆ ಬೇಕಾದದ್ದು ಇದೇ. 40% ಬಹಳ ದಪ್ಪ ಜಡ್ಡಿಗೆ. ಡಾಕ್ಟರ್ ಹೇಳದೆ ತರಬೇಡಿ, ಸುತ್ತಲಿನ ಒಳ್ಳೆಯ ಚರ್ಮವನ್ನೂ ಸುಲಿಯುತ್ತದೆ. ಟ್ಯೂಬಿನ ಮುಂದೆ ದೊಡ್ಡಕ್ಷರದಲ್ಲಿ ‘ಯೂರಿಯಾ’ ಅಂತ ಬರೆದಿದ್ದರೆ ಸಾಲದು, ಹಿಂದೆ ತಿರುಗಿಸಿ ಶೇಕಡಾ ಓದಿ. ಅಂಕಿಯೇ ಇಲ್ಲದ ಕ್ರೀಮಿಗೆ ದುಡ್ಡು ಕೊಡಬೇಡಿ.

ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಒಂದು ಹಿಮ್ಮಡಕ್ಕೆ ಅಷ್ಟು ಸಾಕು. ದಿನಕ್ಕೊಮ್ಮೆ ಎರಡಕ್ಕೂ ಹಚ್ಚಿದರೆ 30 ಗ್ರಾಂ ಟ್ಯೂಬು ಒಂದು ತಿಂಗಳು ಬರುತ್ತದೆ. ಹತ್ತೇ ದಿನಕ್ಕೆ ಮುಗಿದರೆ ಸುಮ್ಮನೆ ಮೆತ್ತುತ್ತಿದ್ದೀರಿ; ಎರಡು ತಿಂಗಳಾದರೂ ಉಳಿದರೆ ಕಡಿಮೆ ಬಿದ್ದಿದೆ. ಕ್ರೀಮ್ ಹಚ್ಚಿ ಐದು ನಿಮಿಷ ಬಿಟ್ಟು ಮೇಲೆ ತೆಳ್ಳಗೆ ಜೆಲ್ಲಿ ಎಳೆದರೆ ಎರಡರ ಗುಣವೂ ಕೂಡುತ್ತದೆ. ಎರಡು ನಿಮಿಷ ಚುರುಗುಟ್ಟಿ ನಿಂತರೆ ಪರವಾಗಿಲ್ಲ. ಉರಿ ನಿಲ್ಲದಿದ್ದರೆ ಒಡಕು ಇನ್ನೂ ತೆರೆದಿದೆ ಎಂದರ್ಥ. ತೊಳೆದು ಮೂರು ದಿನ ಮತ್ತೆ ಜೆಲ್ಲಿಗೇ ಬನ್ನಿ.

ಹೊಲಕ್ಕೆ ಹಾಕುವ ಯೂರಿಯಾ ನೀರಲ್ಲಿ ಕರಗಿಸಿ ಹಚ್ಚಬಹುದೇ ಅಂತ ನಮ್ಮ ಕಡೆ ಕೇಳುವವರಿದ್ದಾರೆ. ಬೇಡ. ಅದರಲ್ಲಿ ಬೈಯುರೆಟ್ ಇರುತ್ತದೆ, ಮೇಲೆ ಬೇವಿನೆಣ್ಣೆಯ ಲೇಪ ಇರುತ್ತದೆ, ಎಷ್ಟು ಗಟ್ಟಿ ಕಲಸಿದಿರಿ ಅನ್ನುವುದಕ್ಕೆ ಅಳತೆಯೂ ಇರುವುದಿಲ್ಲ.

ಮೂರನೇ ವಾರ, ಫೈಲ್. ಈಗ ಜಡ್ಡು ಮೆತ್ತಗಾಗಿರುತ್ತದೆ, ಹಗುರ ಕೈ ಸಾಕು. ಮರಳುಕಾಗದದಂಥ ಫೈಲ್ ಇದ್ದರೆ ಒಣಗಾಲಿಗೇ ಹಿಡಿಯಿರಿ: ನೆಂದ ಚರ್ಮ ಉಬ್ಬಿರುತ್ತದೆ, ಸತ್ತದ್ದು ಎಲ್ಲಿ ಮುಗಿಯಿತು ಅನ್ನುವುದು ಕೈಗೆ ತಿಳಿಯುವುದಿಲ್ಲ. ಹಗುರ ತೂತಿನ ಕಲ್ಲಾದರೆ ನೆನೆಸಿಯೇ ಉಪಯೋಗಿಸಬೇಕು. ಒಂದೇ ದಿಕ್ಕಿಗೆ, ಒಂದು ಹಿಮ್ಮಡಕ್ಕೆ ಹತ್ತು ಹದಿನೈದು ಎಳೆತ, ವಾರಕ್ಕೊಮ್ಮೆ. ಬಿಳಿ ಪುಡಿ ಉದುರುತ್ತಿದ್ದರೆ ಸರಿ. ಚರ್ಮ ಗುಲಾಬಿಗೆ ತಿರುಗಿದರೆ, ಬೆಚ್ಚಗಾದರೆ, ಅಲ್ಲಿಗೇ ನಿಲ್ಲಿಸಿ. ಒಡಕಿನ ದಡೆಯನ್ನು ಮಟ್ಟ ಮಾಡಿ, ಒಡಕಿನೊಳಗೆ ಹಾಕಬೇಡಿ. ಪೂರ್ತಿ ಜಡ್ಡು ತೆಗೆಯುವ ಆಸೆಯೂ ಬೇಡ. ಸ್ವಲ್ಪ ದಪ್ಪ ಹಿಮ್ಮಡಕ್ಕೆ ಬೇಕೇ ಬೇಕು. ಬ್ಲೇಡಿನ ಸುದ್ದಿಗೆ ಹೋಗಲೇಬೇಡಿ. ಶುಗರ್ ಇದ್ದವರಿಗೆ, ಕಾಲು ಜೋಮು ಹಿಡಿಯುವವರಿಗೆ ಈ ಮೂರನೇ ಹಂತ ಮನೆಯಲ್ಲಿ ಬೇಡ, ಒಡಕು ಬಿಟ್ಟ ದಿನವೇ ಡಾಕ್ಟರ್ ಹತ್ತಿರ ಹೋಗಬೇಕು.

ನಾಲ್ಕು ವಾರ ಹೀಗೆ ನಡೆಸಿದರೂ ಬದಲಾಗದಿದ್ದರೆ ಅದು ಬರೀ ಒಣ ಚರ್ಮ ಅಲ್ಲದಿರಬಹುದು. ಅಂಗಾಲಿನ ಗೆರೆಗಳಲ್ಲಿ ಹಿಟ್ಟು ಉದುರಿಸಿದ ಹಾಗೆ ಸಣ್ಣ ಬಿಳಿ ಹೊಟ್ಟು, ಒಂದೇ ಕಾಲಿಗೆ ಹೆಚ್ಚು, ಬೆರಳ ಸಂದಿಯಲ್ಲಿ ತುರಿಕೆ, ಉಗುರು ದಪ್ಪ, ಇವು ಕಂಡರೆ ಫಂಗಸ್ಸಿನ ಅನುಮಾನ. ಆಗ ಯೂರಿಯಾವಾಗಲಿ ಜೆಲ್ಲಿಯಾಗಲಿ ಅದನ್ನು ಕೊಲ್ಲುವುದಿಲ್ಲ. ಗದಗದ ಜಿಮ್ಸ್ ಅಥವಾ ಹುಬ್ಬಳ್ಳಿಯ ಕಿಮ್ಸ್‌ನ ಚರ್ಮದ ಡಾಕ್ಟರ್ ಹತ್ತಿರ ತೋರಿಸಿ. ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಡಿ ನೋಡಿದರೆ ಗೊತ್ತಾಗಿಬಿಡುತ್ತದೆ. ಒಡಕಿನ ಸುತ್ತ ಕೆಂಪು, ಬಾವು, ಕೀವು ಕಂಡರೆ ನಾಲ್ಕು ವಾರ ಕಾಯಬೇಡಿ, ಅಂದೇ ಹೋಗಿ. ದಣಿವು, ಮೈ ಭಾರ ಏರುವುದು, ಕೂದಲು ಉದುರುವುದೂ ಜೊತೆಗಿದ್ದರೆ ಥೈರಾಯ್ಡ್ ಪರೀಕ್ಷೆ ಕೇಳಿ.

ಒಡಕು ಮುಚ್ಚಿದ ಮೇಲೆ ಯೂರಿಯಾ ವಾರಕ್ಕೆ ಎರಡು ಮೂರು ರಾತ್ರಿ ಸಾಕು, ಚಳಿ ಮುಗಿಯುವ ಶಿವರಾತ್ರಿಯವರೆಗೆ. ಚಪ್ಪಲಿ ಬದಲಿಸುವಾಗ ಹಿಂದೆ ಪಟ್ಟಿ ಇರುವ, ಅಡಿ ಮೆತ್ತಗಿರುವ ಜೋಡು ತನ್ನಿ; ಕೊಬ್ಬಿನ ಮೆತ್ತೆ ಅಂಚಿನ ಹೊರಗೆ ಹರಡದಂತೆ ಅದು ತಡೆಯುತ್ತದೆ.