ರೋಸ್‌ಮೇರಿ ಎಣ್ಣೆ ನೇರವಾಗಿ ಬೇಡ
"ರೋಸ್‌ಮೇರಿ ಎಣ್ಣೆ ಹಾಗೇ ತಲೆಗೆ ಹಚ್ಚಬಹುದಾ? ಕೂದಲು, ನೆನಪಿನ ಶಕ್ತಿ ಎರಡೂ ಹೆಚ್ಚುತ್ತೆ ಅಂತಾರೆ, ನಿಜನಾ?"

ಹಾಗೇ ಬೇಡವೇ ಬೇಡ, ನೆತ್ತಿ ಉರಿದು ಕೆಂಪಾಗಬಹುದು. ಒಂದು ಟೀ ಚಮಚ ಕೊಬ್ಬರಿ ಎಣ್ಣೆಗೆ ಎರಡೇ ಹನಿ ಸಾಕು. ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಎರಡು ದಿನ ನೋಡಿ. ತುರಿಕೆ, ಗುಳ್ಳೆ ಬಂದರೆ ಅಲ್ಲಿಗೇ ಬಿಟ್ಟುಬಿಡಿ. ಗರ್ಭಿಣಿಯರು, ಮೂರ್ಛೆರೋಗ ಇರುವವರು ಡಾಕ್ಟರನ್ನು ಕೇಳದೆ ಬಳಸಬಾರದು.

2015ರಲ್ಲಿ ಪ್ರಕಟವಾದ ಇರಾನಿನ ಅಧ್ಯಯನವೊಂದು ಇದನ್ನು ಕೂದಲು ಬೆಳೆಯಲು ತಲೆಗೆ ಹಚ್ಚುವ 2% ಮಿನಾಕ್ಸಿಡಿಲ್ ಔಷಧದ ಜೊತೆ ಹೋಲಿಸಿತ್ತು. ಮೂರು ತಿಂಗಳಿಗೆ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ, ಆರು ತಿಂಗಳಿಗೆ ಎರಡೂ ಗುಂಪಿನಲ್ಲಿ ಕೂದಲು ಹೆಚ್ಚಿತ್ತು. ಆದರೆ ಬರೀ ಸಾದಾ ಎಣ್ಣೆ ಹಚ್ಚಿದ ಗುಂಪೇ ಇರಲಿಲ್ಲ ಅಲ್ವಾ, ಹಾಗಾಗಿ ನನಗೆ ಅದು ಗಟ್ಟಿ ಸಾಕ್ಷಿ ಅನಿಸುವುದಿಲ್ಲ. ನೆನಪಿನ ಮಾತು ಬಂದಿದ್ದು ಅದರ ವಾಸನೆ ಇರುವ ಕೋಣೆಯಲ್ಲಿ ಮಾಡಿದ ಸಣ್ಣ ಪ್ರಯೋಗಗಳಿಂದ. ತಲೆಗೆ ಹಚ್ಚಿದರೆ ನೆನಪು ಹೆಚ್ಚುತ್ತದೆ ಎಂದು ಅವು ತೋರಿಸಿಲ್ಲ.